ಅಡಿಕೆ ಸಿಪ್ಪೆ ಬ್ರಿಕೆಟ್‌ನ ಜಿಸಿವಿ: 4300 ಸರಿನಾ, 3600 ಸರಿನಾ?

ಶಿವಮೊಗ್ಗದಲ್ಲಿ ಮಳೆಗಾಲದಲ್ಲಿ ಇಂಧನ ಸುಟ್ಟು ಅದರ ಶಾಖ ಅಳೆಯೋ ಬಾಂಬ್ ಕ್ಯಾಲೊರಿಮೀಟರ್ ಮುಂದೆ ಕೂತ್ರೆ ಬೆಂಕಿಗಿಂತ ನೀರಿನ ಲೆಕ್ಕಾನೇ ಜಾಸ್ತಿ ಮಾಡ್ಬೇಕಾಗತ್ತೆ. ಒಂದ್ಸಲ ರೈಸ್ ಮಿಲ್ ಬಾಯ್ಲರ್‌ಗೆ ಅಂತ ಅಡಿಕೆ ಸಿಪ್ಪೆ ಬ್ರಿಕೆಟ್ ತಗೊಂಡವರು ಒಂದು ಮೂಟೆ ತಂದಿಟ್ರು, "ಮಾರಿದವ್ರು 4300 ಅಂತ ರಿಪೋರ್ಟ್ ಕೊಟ್ಟಿದಾರೆ ಸಾರ್, ಉರಿಸಿದ್ರೆ ಅಷ್ಟು ಸ್ಟೀಮೇ ಬರ್ತಿಲ್ಲ, ನೀವೇ ನೋಡಿ ಹೇಳಿ" ಅಂದ್ರು. ಆ 4300 ಅಂದ್ರೆ ಜಿಸಿವಿ, ಒಂದು ಗ್ರಾಂ ಸುಟ್ಟಾಗ ಸಿಗೋ ಒಟ್ಟು ಶಾಖ, ಕ್ಯಾಲರಿ ಲೆಕ್ಕದಲ್ಲಿ. ಅದನ್ನ ಹೇಗೆ ನೋಡ್ದೆ ಅಂತ ಬರೀತಿದೀನಿ.

ಮೂಟೆ ಬಿಚ್ಚಿದ ತಕ್ಷಣ ಬೇರೆ ಬೇರೆ ಕಡೆಯಿಂದ ತುಂಡು ತೆಗ್ದು, ಪುಡಿ ಮಾಡೋಕೆ ಮುಂಚೆನೇ ಒಂದಷ್ಟನ್ನ ತೂಕ ಮಾಡಿ 105 ಡಿಗ್ರಿ ಓವನ್‌ಗೆ ಹಾಕ್ದೆ, ತೂಕ ಇಳಿಯೋದು ನಿಲ್ಲೋವರೆಗೂ ಇಟ್ಟೆ. ತೇವಾಂಶ 16% ಬಂತು. ಬಾಯ್ಲರ್‌ಗೆ ಹೋಗೋ ಮಾಲಿನ ನಿಜವಾದ ತೇವಾಂಶ ಇದೇ. ಉಳಿದದ್ದನ್ನ ಸ್ವಲ್ಪ ಆರಿಸಿ, ನುಣ್ಣಗೆ ಪುಡಿ ಮಾಡಿ, ಬಿಗಿ ಮುಚ್ಚಳದ ಬಾಟ್ಲಿಗೆ ತುಂಬಿಟ್ಟೆ. ನಮ್ಮ ಕಡೆ ಜುಲೈ ಗಾಳಿಗೆ ಈ ಪುಡಿ ಟೇಬಲ್ ಮೇಲೇ ನೀರು ಎಳ್ಕೊಳತ್ತೆ, ಅದಕ್ಕೇ ಬಾಂಬ್‌ಗೆ ಹಾಕೋ ಗುಳಿಗೆನ ತೂಕ ಮಾಡೋ ಹೊತ್ತಲ್ಲೇ ಅದೇ ಬಾಟ್ಲಿಯಿಂದ ಇನ್ನೊಂದು ಗ್ರಾಂ ಪುಡಿ ತೇವಾಂಶಕ್ಕೂ ತೂಕ ಮಾಡಿ ಓವನ್‌ಗೆ ಇಡ್ತೀನಿ. ಬೆಳಿಗ್ಗೆ ತೇವಾಂಶ ನೋಡಿ ಸಂಜೆ ಸುಟ್ರೆ ಆ ಎರಡು ಅಂಕಿಗೂ ಸಂಬಂಧಾನೇ ಇರಲ್ಲ. ಈ ಪುಡಿಯಲ್ಲಿ 9% ಸಿಕ್ತು.

ಗುಳಿಗೆ ಯಾಕೆ ಒತ್ತಬೇಕು ಅಂದ್ರೆ, ಸಿಪ್ಪೆ ಪುಡಿ ತುಂಬಾ ಹಗುರ, ಸಡಿಲವಾಗಿ ಕ್ರೂಸಿಬಲ್‌ಗೆ ಹಾಕಿದ್ರೆ ಆಕ್ಸಿಜನ್ ಬಿಡುವಾಗ್ಲೇ ಹಾರಿ ಬಾಂಬ್ ಗೋಡೆಗೆ ಅಂಟಿಕೊಂಡು ಸುಡದೆ ಉಳೀತದೆ. ಸುಮಾರು ಒಂದು ಗ್ರಾಂ ಗುಳಿಗೆ, ಅದಕ್ಕೆ ತಾಗೋ ಹಾಗೆ 10 ಸೆಂಟಿಮೀಟರ್ ನೈಕ್ರೋಮ್ ಫ್ಯೂಸ್ ವೈರ್, ತಳಕ್ಕೆ 1 ಎಂಎಲ್ ಡಿಸ್ಟಿಲ್ಡ್ ವಾಟರ್, ಆಮೇಲೆ ನಿಧಾನಕ್ಕೆ 30 ಬಾರ್ ಆಕ್ಸಿಜನ್. ಆಕ್ಸಿಜನ್ ಫಿಟಿಂಗ್‌ಗೆ ಎಣ್ಣೆ, ಗ್ರೀಸ್ ಯಾವತ್ತೂ ಮುಟ್ಟಿಸಬಾರದು, ಹೊತ್ಕೊಂಡುಬಿಡತ್ತೆ. ಬಾಂಬನ್ನ ಬಕೆಟ್ ನೀರಲ್ಲಿ ಇಳಿಸಿದಾಗ ಗುಳ್ಳೆ ಒಂದೇ ಸಮ ಬರ್ತಾ ಇದ್ರೆ ಲೀಕ್ ಇದೆ ಅಂತ, ಫೈರ್ ಮಾಡದೆ ಹೊರಗೆ ತೆಗೀಬೇಕು.

ಸ್ಟಿರರ್ ಹಾಕಿ ಐದು ನಿಮಿಷ ಟೆಂಪರೇಚರ್ ಬರ್ಕೊಂಡು ಫೈರ್ ಮಾಡ್ದೆ, ಏರಿಕೆ ನಿಂತ ಮೇಲೂ ಐದು ನಿಮಿಷ ಬರ್ಕೊಂಡೆ, ಹೊರಗಿನ ಶಾಖ ಬಂದದ್ದು ಹೋದದ್ದು ತಿದ್ದೋಕೆ ಈ ಎರಡೂ ಬೇಕು. ತಿದ್ದಿದ ಮೇಲೆ ಏರಿಕೆ 1.655 ಡಿಗ್ರಿ. ಗ್ಯಾಸ್ ನಿಧಾನಕ್ಕೆ ಬಿಟ್ಟು ಮುಚ್ಚಳ ತೆಗ್ದಾಗ ಒಳಗೆ ಕಪ್ಪು ಮಸಿ ಇರ್ಲಿಲ್ಲ. ಮಸಿ ಕಂಡ್ರೆ ಪೂರ್ತಿ ಉರಿದಿಲ್ಲ ಅಂತ, ಆ ರೀಡಿಂಗ್‌ನ ಏನೇ ತಿದ್ದುಪಡಿ ಮಾಡಿದ್ರೂ ಉಳಿಸೋಕಾಗಲ್ಲ, ಬಿಟ್ಟು ಇನ್ನೊಂದು ಗುಳಿಗೆ ಸುಡಬೇಕು.

ನಮ್ಮ ಉಪಕರಣ ಒಂದು ಡಿಗ್ರಿ ಏರೋಕೆ ಬೇಕಾದ ಶಾಖ, ಅಂದ್ರೆ ಅದರ ವಾಟರ್ ಈಕ್ವಿವೆಲೆಂಟ್, 2410 ಕ್ಯಾಲರಿ, ಇದನ್ನ ಗ್ರಾಂಗೆ 6318 ಕ್ಯಾಲರಿ ಕೊಡೋ ಬೆಂಜೋಯಿಕ್ ಆಸಿಡ್ ಸುಟ್ಟು ಮೊದಲೇ ಕಂಡ್ಕೊಂಡಿರ್ತೀವಿ. ಗುಳಿಗೆ 1.012 ಗ್ರಾಂ. 8 ಸೆಂಟಿಮೀಟರ್ ವೈರ್ ಸುಟ್ಟಿತ್ತು, ಸೆಂಟಿಮೀಟರ್‌ಗೆ 2.3 ಲೆಕ್ಕದಲ್ಲಿ 18.4 ಕ್ಯಾಲರಿ, ಬಾಂಬ್ ತೊಳೆದ ನೀರನ್ನ ಟೈಟ್ರೇಟ್ ಮಾಡಿದಾಗ ಉರಿಯುವಾಗ ಹುಟ್ಟಿದ ಆಸಿಡ್‌ನ ಪಾಲು 5 ಕ್ಯಾಲರಿ.

```
(2410 × 1.655 − 18.4 − 5) / 1.012 = 3918
3918 / 0.91 = 4305
4305 × 0.84 = 3616
```

ಮೊದಲನೇದು 9% ತೇವಾಂಶದ ಪುಡಿಗೆ, ಎರಡನೇದು ಪೂರ್ತಿ ಒಣಗಿದ್ದು ಅಂತ ಲೆಕ್ಕ ಹಾಕಿದ್ದು, ಮೂರನೇದು ಮೂಟೆಯಲ್ಲಿ ಇದ್ದ ಹಾಗೇ. ಮಾರಿದವರ 4300 ಸುಳ್ಳಲ್ಲ, ಅದು ಡ್ರೈ ಬೇಸಿಸ್ ಅಂಕಿ, ರಿಪೋರ್ಟ್‌ನಲ್ಲಿ ಆ ಮಾತೇ ಬರೆದಿರ್ಲಿಲ್ಲ ಅಷ್ಟೇ. ದುಡ್ಡು ಕೊಟ್ಟು ತಗೊಂಡವರ ಕೈಗೆ ಬಂದದ್ದು ಮಾತ್ರ 3616, ಇದು ನನಗೆ ಸರಿ ಅನ್ಸಲ್ಲ.

ಬಾಯ್ಲರ್‌ಗೆ ಅದೂ ಪೂರ್ತಿ ಸಿಗಲ್ಲ. ಬಾಂಬ್ ಮುಚ್ಚಿರೋದ್ರಿಂದ ಉರಿದಾಗ ಹುಟ್ಟಿದ ಆವಿ ಒಳಗೇ ನೀರಾಗಿ ತನ್ನ ಶಾಖ ವಾಪಸ್ ಕೊಡತ್ತೆ, ಮಿಲ್‌ನಲ್ಲಿ ಅದೇ ಆವಿ ಚಿಮಣಿಯಿಂದ ಹೊರಗೆ ಹೋಗತ್ತೆ. ಒಣ ಮಾಲಲ್ಲಿ ಹೈಡ್ರೋಜನ್ 5.5% ಅಂತ ಹಿಡಿದ್ರೆ (ನಮ್ಮಲ್ಲಿ ಅದನ್ನ ಅಳೆಯೋ ಸೌಲಭ್ಯ ಇಲ್ಲ) ಅದರಿಂದ ಹುಟ್ಟೋ ನೀರು, 16% ತೇವಾಂಶ ಎರಡೂ ಸೇರಿ ಒಂದು ಕೆಜಿ ಬ್ರಿಕೆಟ್‌ಗೆ ಸುಮಾರು 0.58 ಕೆಜಿ ಆವಿ, ಅಂದ್ರೆ ಗ್ರಾಂಗೆ ಹತ್ತಿರ ಹತ್ತಿರ 336 ಕ್ಯಾಲರಿ ಕಳೀಬೇಕು, ಉಳಿಯೋ ನಿವ್ವಳ ಶಾಖ, ಅಂದ್ರೆ ಎನ್‌ಸಿವಿ, 3280. ನಾನು ಈ ಎಲ್ಲಾ ಅಂಕಿನೂ, ಪಕ್ಕದಲ್ಲೇ ತೇವಾಂಶನೂ, ಹೈಡ್ರೋಜನ್ ಹಿಡಿದದ್ದು ಅಂತಾನೂ ಬರೆದು ಕೊಟ್ಟೆ. ಅವರು ಮುಂದಿನ ಲೋಡ್‌ಗೆ ಮೂಟೆಯಲ್ಲಿ ಇದ್ದ ಹಾಗೇ ಬರೋ ಜಿಸಿವಿ ಮೇಲೆ ರೇಟ್ ಮಾತಾಡಿದ್ರು, ತೇವಾಂಶನ ಗೇಟ್‌ನಲ್ಲೇ ಸ್ಯಾಂಪಲ್ ತೆಗ್ದು ನೋಡೋದು ಅಂತ ಮಾಡ್ಕೊಂಡ್ರು.