"ಅಂತೆ" ಅನ್ನುವಾಗ ಬಿಟ್ಟುಹೋದದ್ದು

ನಾನು ಅಮೆರಿಕದ ಆಸ್ಪತ್ರೆಗಳಿಗೆ ಫೋನಿನಲ್ಲಿ ಕನ್ನಡ ಇಂಟರ್‌ಪ್ರಿಟರ್ ಆಗಿ ಕೆಲಸ ಮಾಡುತ್ತೇನೆ. ಇದಕ್ಕೆ ಬರುವ ಮೊದಲು ಮನೆಯವರ ಮಾತನ್ನು ನುಂಗಿದವಳೇ ನಾನೂ.

ಮೈಸೂರಿನಿಂದ ಬಂದಿದ್ದ ಅತ್ತೆಗೆ ಕಾಲು ಊದಿಕೊಂಡಿತ್ತು. ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ತಲೆಸುತ್ತು ಇದೆಯಾ ಅಂತ ಡಾಕ್ಟರ್ ಕೇಳಿದರು. "ಸುತ್ತಲ್ಲಮ್ಮ, ಎದ್ದು ನಿಂತ್ರೆ ಕಣ್ಣು ಕತ್ತಲೆ ಬರತ್ತೆ. ಗೋಡೆ ಹಿಡ್ಕೊಂಡು ನಿಲ್ತೀನಿ" ಅಂದರು ಅತ್ತೆ. ನಾನು ದಾಟಿಸಿದ್ದು ಒಂದೇ ಪದ, "ಡಿಜ್ಜಿ", ಅಂದರೆ ತಲೆಸುತ್ತು. ಬಿಪಿ ಮಾತ್ರೆ ಸರಿಯಾಗಿ ತಗೊಳ್ತಾರಾ ಅನ್ನುವ ಪ್ರಶ್ನೆಯನ್ನಂತೂ ಅತ್ತೆಯವರೆಗೆ ಹೋಗಲೇ ಬಿಡಲಿಲ್ಲ. ದಿನಾ ಕೊಡುವವಳು ನಾನೇ ಅಲ್ವಾ? ಹೌದು ಅಂದುಬಿಟ್ಟೆ. ಊತ ಇಳಿಯಲಿ ಅಂತ ಮೂತ್ರ ಜಾಸ್ತಿ ಹೋಗುವ ಮಾತ್ರೆ ಬರೆದುಕೊಟ್ಟರು. ಕಣ್ಣು ಕತ್ತಲೆ ಬರುವುದು ಇನ್ನೂ ಜಾಸ್ತಿಯಾಯಿತು.

ಮುಂದಿನ ಸಲ ಫೋನಿನಲ್ಲಿ ಇಂಟರ್‌ಪ್ರಿಟರ್ ಇದ್ದರು. "ನೀವು ಹೇಳಿದ್ದೆಲ್ಲ ಹೇಳುತ್ತೇನೆ, ಏನೂ ಸೇರಿಸಲ್ಲ, ಏನೂ ಬಿಡಲ್ಲ, ಹೊರಗೆ ಯಾರಿಗೂ ಹೇಳಲ್ಲ" ಅಂತ ಮೊದಲೇ ತಿಳಿಸಿದರು. ಅದೇ ಬಿಪಿ ಪ್ರಶ್ನೆ ಬಂತು. "ಬೆಳಿಗ್ಗೆ ಸೊಸೆ ಕೊಡೋದು, ರಾತ್ರಿ ಊರಿಂದ ತಂದಿದ್ದು. ಅವಳಿಗೆ ಹೇಳಿದ್ರೆ ಬೇಜಾರು ಮಾಡ್ಕೊತಾಳೆ." ನಾನು ಪಕ್ಕದಲ್ಲೇ ಕೂತಿದ್ದೆ. ಆ ಕೊನೆಯ ಮಾತನ್ನೂ ಅವರು ಬಿಡಲಿಲ್ಲ.

ಎರಡು ಡಬ್ಬಿಯ ಮೇಲೂ ಬೇರೆ ಬೇರೆ ಹೆಸರು. ಒಳಗೆ ಮಾತ್ರ ಅದೇ ಆಮ್ಲೋಡಿಪಿನ್, 5 ಮಿಲಿಗ್ರಾಂ. ಅಂದರೆ ದಿನಕ್ಕೆ 10. ಆ ಮಾತ್ರೆಗೆ ಕೆಲವರಿಗೆ ಕಾಲು ಊದುತ್ತದೆ, ಡೋಸ್ ಏರಿದಷ್ಟೂ ಜಾಸ್ತಿ. ಡಾಕ್ಟರ್ ರಾತ್ರಿಯದನ್ನೂ ಮೂತ್ರದ ಮಾತ್ರೆಯನ್ನೂ ನಿಲ್ಲಿಸಿದರು.

ಆಮೇಲೆ ನಾನೇ 40 ಗಂಟೆಯ ತರಬೇತಿಗೆ ಸೇರಿದೆ. ಕಷ್ಟವಾದದ್ದು ವೈದ್ಯಕೀಯ ಪದಗಳಲ್ಲ, "ಅಂತೆ" ಬಿಡುವುದು. "ಅವರಿಗೆ ಸುಸ್ತಂತೆ" ಅಂತ ಶುರು ಮಾಡಿದರೆ ಎರಡು ನಿಮಿಷದ ಮಾತು ಒಂದು ಸುದ್ದಿಯಾಗಿ ಕುಗ್ಗುತ್ತದೆ. ಆದ್ದರಿಂದ ರೋಗಿ "ನಾನು" ಅಂದರೆ ನಾವೂ "ನಾನು" ಅನ್ನುತ್ತೇವೆ. ಮಾತ್ರೆಯ ಹೆಸರು, ಎಷ್ಟು ದಿನ, ಎಷ್ಟು ಸಲ ಅನ್ನುವುದನ್ನು ಬರೆದುಕೊಂಡು ಕೊನೆಗೆ ಹರಿದು ಹಾಕುತ್ತೇವೆ. ಯಾರಾದರೂ "ಗ್ಯಾಸ್ಟ್ರಿಕ್" ಅಂದರೆ ನಾನು ಊಹಿಸುವುದಿಲ್ಲ. ಅದು ಹೊಟ್ಟೆ ಉಬ್ಬರ ಇರಬಹುದು, ಎದೆ ಉರಿ ಇರಬಹುದು, ಎದೆ ಹಿಡಿದ ಹಾಗೆ ಆಗುವುದೂ ಇರಬಹುದು. ಈ ಪದಕ್ಕೆ ಹಲವು ಅರ್ಥ ಇದೆ ಅಂತ ಡಾಕ್ಟರಿಗೆ ಹೇಳಿ, ಬಿಡಿಸಿ ಕೇಳಲು ಅನುಮತಿ ತಗೊಳ್ಳುತ್ತೇನೆ.

ಹಾಗಂತ ಮನೆಯವರು ಹೊರಗೆ ಹೋಗಬೇಕಿಲ್ಲ. ಹಳೆಯ ಆಪರೇಷನ್, ಅಲರ್ಜಿ ನನಗೇನು ಗೊತ್ತು? ಅವರು ಹೇಳಲಿ, ಅದನ್ನೂ ದಾಟಿಸುತ್ತೇನೆ. ಮೊನ್ನೆ ಒಬ್ಬ ಮಗ ನಡುವೆ ಬಾಯಿ ಹಾಕಿ, "ಅಮ್ಮ ಸುಮ್ನೆ ಹೇಳ್ತಾರೆ, ಅದೆಲ್ಲ ಬೇಡ ಮೇಡಂ" ಅಂದರು. ಅದನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರ್ ಅಮ್ಮನ ಕಡೆ ತಿರುಗಿ ಮತ್ತೆ ಮೊದಲಿಂದ ಕೇಳಿದರು.