ಪುಟ 34ರ ನಂತರ 34ಎ: ಚಿತ್ರಕಥೆ ತಿದ್ದಿದಾಗ ಪುಟಸಂಖ್ಯೆ ಕದಲದಂತೆ ಕಾಯುವುದು ಹೇಗೆ?

ಚಿತ್ರೀಕರಣ ಶುರುವಾದ ಮೇಲೂ ಚಿತ್ರಕಥೆ ಬದಲಾಗುತ್ತಲೇ ಇರುತ್ತದೆ. ಬದಲಾದ ಪುಟಗಳನ್ನು ಬಣ್ಣದ ಹಾಳೆಯಲ್ಲಿ ಮುದ್ರಿಸಿ ಹಂಚುವ ಹಾಲಿವುಡ್ ಪದ್ಧತಿಯ ಬಗ್ಗೆ ನಮ್ಮಲ್ಲಿ ಅನೇಕರು ಕೇಳಿರುತ್ತಾರೆ, ಆದರೆ ಅದನ್ನು ಅನುಸರಿಸಲು ಹೊರಟ ತಂಡಗಳು ಬಣ್ಣವನ್ನಷ್ಟೇ ಎತ್ತಿಕೊಂಡು ಅದಕ್ಕೆ ಆಧಾರವಾದ, ಪುಟಗಳು ಕದಲದಂತೆ ಹಿಡಿದಿಡುವ ಪುಟಬೀಗವನ್ನು ಬಿಟ್ಟುಬಿಡುತ್ತವೆ. ನಾನು ಸಹಾಯಕ ನಿರ್ದೇಶಕನಾಗಿದ್ದ ಮೊದಲ ಚಿತ್ರದಲ್ಲಿ ಆದದ್ದೂ ಇದೇ. 110 ಪುಟಗಳ ಕಥೆಯಲ್ಲಿ 34ನೇ ಪುಟಕ್ಕೆ ಎಂಟು ಸಾಲು ಸೇರಿಸಿ, ಆ ಒಂದು ಹಾಳೆಯನ್ನು ಅಚ್ಚುಕಟ್ಟಾಗಿ ನೀಲಿ ಕಾಗದದಲ್ಲಿ ತೆಗೆದು ಎಲ್ಲರಿಗೂ ಕೊಟ್ಟೆ. ಕಂಪ್ಯೂಟರಿನಲ್ಲಿದ್ದ ಕಡತದಲ್ಲಿ ಮಾತ್ರ ಆ ಎಂಟು ಸಾಲುಗಳು ಮುಂದಿನದನ್ನೆಲ್ಲ ಕೆಳಕ್ಕೆ ತಳ್ಳಿದ್ದವು. ಮರುದಿನ ನಾನು ಹೇಳಿದ 52ನೇ ಪುಟ ಕಲಾವಿದರ ಕೈಯಲ್ಲಿದ್ದ 52ನೇ ಪುಟವಾಗಿರಲಿಲ್ಲ, ಅರ್ಧ ದಿನ ಎಲ್ಲರೂ ಹಾಳೆ ತಿರುವುತ್ತಾ ಕುಳಿತೆವು.

ಆದ್ದರಿಂದ ಮೊದಲ ಕೆಲಸ ಬೀಗ ಹಾಕುವುದು. ನಿರ್ದೇಶಕ, ನಿರ್ಮಾಪಕ ಇಬ್ಬರೂ ಒಪ್ಪಿದ ಪ್ರತಿಯಲ್ಲಿ ದೃಶ್ಯಗಳಿಗೆ ಸಂಖ್ಯೆ ಕೊಟ್ಟು, ಪ್ರತಿ ಪುಟವೂ ಎಲ್ಲಿ ಮುಗಿಯುತ್ತದೋ ಅಲ್ಲಿಯೇ ಮುಗಿಯುವಂತೆ ಕಟ್ಟಿಹಾಕಬೇಕು. ಚಿತ್ರಕಥೆಗೆಂದೇ ಇರುವ ತಂತ್ರಾಂಶಗಳಲ್ಲಿ ಪುಟ ಲಾಕ್ ಮಾಡುವ ಆಯ್ಕೆ ಇರುತ್ತದೆ. ಕನ್ನಡದಲ್ಲಿ ಸಾಮಾನ್ಯ ವರ್ಡ್ ಕಡತದಲ್ಲೇ ಬರೆಯುವವರು ತಾನಾಗಿ ಬರುವ ಪುಟಸಂಖ್ಯೆಯನ್ನು ತೆಗೆದುಹಾಕಿ, ಪ್ರತಿ ಪುಟದ ಮೊದಲ ಸಾಲಿನಲ್ಲಿ ಸಂಖ್ಯೆಯನ್ನು ಕೈಯಾರೆ ಟೈಪ್ ಮಾಡಿ, ಆಮೇಲೆ ಆ ಪುಟದ ಕೊನೆಯಲ್ಲಿ `Ctrl+Enter` ಒತ್ತಿಕೊಳ್ಳಬಹುದು. ಇದು ಒಂದು ಸಂಜೆಯ ಬೇಸರದ ಕೆಲಸ ನಿಜ, ಆದರೆ ಇದೊಂದು ಆದರೆ ಉಳಿದದ್ದೆಲ್ಲ ಸುಲಭ. ಹೀಗೆ ಬೀಗ ಬಿದ್ದ ಪ್ರತಿಯೇ ಬಿಳಿ ಪ್ರತಿ. ಹಾಳೆಯ ಒಂದೇ ಮಗ್ಗುಲಲ್ಲಿ ಮುದ್ರಿಸಿ, ಹೊಲಿಸದೆ, ತೂತು ಹಾಕಿ ಫೈಲಿಗೆ ಸೇರಿಸಿಕೊಡಬೇಕು, ಏಕೆಂದರೆ ನಾಳೆ ಇದರ ನಡುವಿನಿಂದ ಹಾಳೆ ತೆಗೆದು ಬೇರೆ ಹಾಳೆ ಸೇರಿಸಬೇಕಾಗುತ್ತದೆ.

ಈಗ ಅದೇ 34ನೇ ಪುಟವನ್ನು ಸರಿಯಾದ ಕ್ರಮದಲ್ಲಿ ತಿದ್ದಿ ನೋಡೋಣ. 45ನೇ ದೃಶ್ಯ, ಬಸ್ ನಿಲ್ದಾಣ. ಊರು ಬಿಟ್ಟು ಹೊರಟ ಮಗನನ್ನು ಬೀಳ್ಕೊಡಲು ತಾಯಿ ಬಂದಿದ್ದಾಳೆ. ಪುಟ ಮುಗಿಯಲು ನಾಲ್ಕು ಸಾಲು ಇರುವಾಗ ಬರುವ ‘ಊಟ ಮಾಡಿದ್ಯೇನೋ?’ ಎಂಬ ಅವಳ ಮಾತಿನ ನಂತರ ಎಂಟು ಸಾಲು ಹೊಸದಾಗಿ ಬರಬೇಕು, ಅದರ ಕೊನೆಯ ಸಾಲಿನಲ್ಲಿ ಅವಳು ಮಗನ ಕೈಗೆ ಸ್ಟೀಲಿನ ಡಬ್ಬಿಯೊಂದನ್ನು ಕೊಡಬೇಕು. 34ನೇ ಪುಟ ಆಗಲೇ ತುಂಬಿದೆ. ಉಕ್ಕಿ ಬಂದ ಎಂಟು ಸಾಲನ್ನು 35ಕ್ಕೆ ಹೋಗಲು ಬಿಡದೆ 34ಎ ಎಂಬ ಹೊಸ ಪುಟಕ್ಕೆ ಇಳಿಸಬೇಕು. 34ಎ ಪುಟದಲ್ಲಿ ಎಂಟೇ ಸಾಲಿದ್ದು ಉಳಿದ ಜಾಗವೆಲ್ಲ ಖಾಲಿ ಬಿದ್ದಿದ್ದರೆ ಅದು ಹಾಗೆಯೇ ಇರಲಿ, ತುಂಬಿಸಲು ಹೋಗಬೇಡಿ. 34 ಮತ್ತು 34ಎ ಎರಡೂ ನೀಲಿ ಹಾಳೆಯಲ್ಲಿ ಬರುತ್ತವೆ, 35ರಿಂದ ಮುಂದಕ್ಕೆ ಎಲ್ಲರ ಫೈಲಿನಲ್ಲಿಯೂ ಇರುವ ಬಿಳಿ ಹಾಳೆಯನ್ನು ಯಾರೂ ಮುಟ್ಟುವ ಅಗತ್ಯವಿಲ್ಲ. ಬೀಗವಿಲ್ಲದಿದ್ದರೆ ಇದೇ ಎಂಟು ಸಾಲಿಗೆ 34ರಿಂದ 110ರವರೆಗಿನ 77 ಪುಟಗಳನ್ನು ಮತ್ತೆ ಮುದ್ರಿಸಬೇಕಾಗುತ್ತಿತ್ತು.

ದೃಶ್ಯಸಂಖ್ಯೆಗೂ ಇದೇ ನ್ಯಾಯ. 45 ಮತ್ತು 46ರ ನಡುವೆ ಹೊಸ ದೃಶ್ಯ ಬಂದರೆ ಅದು 45ಎ ಆಗುತ್ತದೆ. ದೃಶ್ಯವೊಂದನ್ನು ತೆಗೆದರೆ ಅದರ ಸಂಖ್ಯೆಯ ಮುಂದೆ ‘ಕೈಬಿಡಲಾಗಿದೆ’ ಎಂದು ಬರೆದು ಬಿಡಬೇಕು, ಆ ಸಂಖ್ಯೆಯನ್ನು ಇನ್ನೊಂದು ದೃಶ್ಯಕ್ಕೆ ಕೊಡಬಾರದು. 35ನೇ ಪುಟವೇ ಇಡಿಯಾಗಿ ಹೋದರೆ 36ರ ತಲೆಯಲ್ಲಿ 35-36 ಎಂದು ಹಾಕಿದರೆ, ಹಾಳೆ ಕಳೆದುಹೋಗಿದೆಯೇನೋ ಎಂದು ಯಾರೂ ಹುಡುಕಾಡುವುದಿಲ್ಲ.

ಪುಟ ಬದಲಾಗಿದೆ ಎಂಬುದನ್ನು ಬಣ್ಣ ಹೇಳುತ್ತದೆ, ಪುಟದೊಳಗೆ ಎಲ್ಲಿ ಬದಲಾಗಿದೆ ಎಂಬುದನ್ನು ಹೇಳಲು ಬಲ ಅಂಚಿನಲ್ಲಿ ನಕ್ಷತ್ರ ಚಿಹ್ನೆ ಬೇಕು. ಹೊಸದಾಗಿ ಸೇರಿದ ಅಥವಾ ತಿದ್ದಿದ ಪ್ರತಿ ಸಾಲಿನ ಎದುರಿಗೂ ಒಂದೊಂದು ಚಿಹ್ನೆ ಇರಬೇಕು. ಸಾಲು ತೆಗೆದಿದ್ದರೆ ಅದರ ಪಕ್ಕದ ಸಾಲಿಗೆ ಚಿಹ್ನೆ ಹಾಕಬೇಕು, ಇಲ್ಲವಾದರೆ ಇಲ್ಲದ್ದನ್ನು ಯಾರೂ ಗಮನಿಸುವುದಿಲ್ಲ. ಸಂಭಾಷಣೆಯನ್ನು ಓದುವ ಕಲಾವಿದರಿಗಿಂತ ಈ ಚಿಹ್ನೆಯಿಂದ ಹೆಚ್ಚಿನ ಉಪಯೋಗ ದೃಶ್ಯಕ್ಕೆ ಬೇಕಾದ ಸಾಮಾನು ಹೊಂದಿಸುವ ಪ್ರಾಪರ್ಟಿ ವಿಭಾಗದವರಿಗೆ. ಅವರು ಪುಟವನ್ನೆಲ್ಲ ಓದುವುದಿಲ್ಲ, ಅಂಚಿನಲ್ಲಿ ಕಣ್ಣಾಡಿಸಿ ಡಬ್ಬಿಯನ್ನು ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ.

ನಾಲ್ಕು ದಿನಗಳ ನಂತರ ನಿರ್ದೇಶಕರಿಗೆ ಸ್ಟೀಲಿನ ಡಬ್ಬಿ ಬೇಡವಾಗಿ, ಬಟ್ಟೆಯ ಗಂಟು ಬೇಕೆನಿಸಿತು ಎನ್ನಿ. ಇದು ಎರಡನೇ ಪರಿಷ್ಕರಣೆ, ಆದ್ದರಿಂದ ಬಣ್ಣಗಳ ಕ್ರಮದಲ್ಲಿ ನೀಲಿಯ ನಂತರ ಬರುವ ಗುಲಾಬಿ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಹೊಸ ತಿದ್ದುಪಡಿ ಆರಂಭಿಸುವ ಮೊದಲು ನೀಲಿ ಸುತ್ತಿನ ನಕ್ಷತ್ರಗಳನ್ನೆಲ್ಲ ಕಡತದಿಂದ ಅಳಿಸಬೇಕು. ಅಳಿಸದಿದ್ದರೆ 34ಎ ಪುಟದಲ್ಲಿ ಹಳೆಯ ಚಿಹ್ನೆಗಳೂ ಉಳಿದು, ಬದಲಾದದ್ದು ಗಂಟು ಮಾತ್ರ ಎಂಬುದು ಯಾರಿಗೂ ತಿಳಿಯದೆ ಸೆಟ್ಟಿಗೆ ಡಬ್ಬಿಯೇ ಬಂದು ಕೂರುತ್ತದೆ. ಸರಿಯಾಗಿ ಮಾಡಿದರೆ 34ಎ ಗುಲಾಬಿ ಹಾಳೆಯಲ್ಲಿ ಒಂದೇ ನಕ್ಷತ್ರದೊಡನೆ ಬರುತ್ತದೆ, ತಿದ್ದದ 34 ನೀಲಿಯಾಗಿಯೇ ಉಳಿಯುತ್ತದೆ, 35 ಬಿಳಿಯಾಗಿರುತ್ತದೆ.

ಈ ಬಣ್ಣಗಳ ಕ್ರಮ ಅಮೆರಿಕದಲ್ಲಿ ಸಾಮಾನ್ಯವಾಗಿ ಬಿಳಿ, ನೀಲಿ, ಗುಲಾಬಿ, ಹಳದಿ, ಹಸಿರು, ಗೋಲ್ಡನ್‌ರಾಡ್ ಎಂಬ ಕಡುಹಳದಿ, ಆಮೇಲೆ ಬಫ್, ಸಾಲ್ಮನ್, ಚೆರ್ರಿ ಎಂದು ಸಾಗುತ್ತದೆ. ಅದು ಮುಗಿದರೆ ಎರಡನೇ ಬಿಳಿ, ಎರಡನೇ ನೀಲಿ. ಇದು ಎಲ್ಲ ಕಡೆಯೂ ಒಂದೇ ಅಲ್ಲ, ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಜೆರಾಕ್ಸ್ ಅಂಗಡಿಯಲ್ಲಿ ಸಿಗುವ ನಾಲ್ಕೈದು ಬಣ್ಣಗಳ ಕ್ರಮವನ್ನು ಮೊದಲೇ ಗೊತ್ತುಮಾಡಿ ಬಿಳಿ ಪ್ರತಿಯ ಮುಖಪುಟದಲ್ಲಿ ಅಚ್ಚು ಹಾಕಿಸಿದರೆ ಸಾಕು.

ಬಣ್ಣದ ಹಾಳೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ಪಿಡಿಎಫ್ ವಾಟ್ಸ್‌ಆಪ್‌ನಲ್ಲಿ ಹೋಗುತ್ತದೆ, ಯಾರೋ ಅದನ್ನು ಕಪ್ಪು-ಬಿಳುಪಿನಲ್ಲಿ ಮುದ್ರಿಸಿಕೊಳ್ಳುತ್ತಾರೆ, ಅಲ್ಲಿಗೆ ಬಣ್ಣ ಮಾಯ. ಹಾಗಾಗಿ ಪ್ರತಿ ಪರಿಷ್ಕೃತ ಪುಟದ ತಲೆಯಲ್ಲಿ ‘ಗುಲಾಬಿ ಪರಿಷ್ಕರಣೆ’ ಎಂಬ ಮಾತೂ ದಿನಾಂಕವೂ ಅಕ್ಷರದಲ್ಲಿಯೇ ಇರಬೇಕು. ತಿದ್ದಬಹುದಾದ ಮೂಲ ಕಡತ ಒಬ್ಬರ ಬಳಿ ಮಾತ್ರ ಇರಲಿ; ಉಳಿದವರಿಗೆ ತಿದ್ದಲಾಗದ ಪಿಡಿಎಫ್ ಸಾಕು, ಅದರ ಮೇಲೆ ಪಡೆದವರ ಹೆಸರು ತೆಳುವಾಗಿ ಮೂಡಿದ್ದರೆ ಸೋರಿಕೆಯ ಭಯವೂ ಕಡಿಮೆ. ಪುಟಗಳ ಜೊತೆಗೆ ‘ತೆಗೆಯಿರಿ: 34ಎ ನೀಲಿ. ಸೇರಿಸಿ: 34ಎ ಗುಲಾಬಿ’ ಎಂಬ ಚೀಟಿಯೊಂದು ಹೋಗಬೇಕು, ಪಡೆದವರು ಸಹಿ ಹಾಕಬೇಕು. ದಿನದ ಚಿತ್ರೀಕರಣದ ವಿವರ ಕೊಡುವ ಕಾಲ್‌ಶೀಟಿನಲ್ಲಿ ಆ ದಿನ ಚಾಲ್ತಿಯಲ್ಲಿರುವ ಬಣ್ಣವನ್ನು ಬರೆದರೆ, ಹಳೆಯ ಹಾಳೆ ಹಿಡಿದು ಬಂದವರು ಮೇಕಪ್ ಕೋಣೆಯಲ್ಲೇ ಸಿಕ್ಕಿಬೀಳುತ್ತಾರೆ. ತೆಗೆದ ಹಾಳೆಗಳನ್ನು ಶಾಟಿನಿಂದ ಶಾಟಿಗೆ ಹೊಂದಿಕೆ ತಪ್ಪದಂತೆ ಕಂಟಿನ್ಯುಟಿ ನೋಡುವವರು ಎಸೆಯಬಾರದು, ಚಿತ್ರೀಕರಿಸಿದ ದಿನ ಯಾವ ಮಾತು ಇತ್ತು ಎಂಬ ಪ್ರಶ್ನೆ ಸಂಕಲನದ ಮೇಜಿನಲ್ಲಿ ಏಳುತ್ತದೆ.

ಶೆಡ್ಯೂಲ್ ಹಾಕುವವರಿಗೆ ಒಂದು ಎಚ್ಚರಿಕೆ. ಪುಟವನ್ನು ಎಂಟು ಭಾಗ ಮಾಡಿ ದಿನದ ಕೆಲಸ ಅಳೆಯುವ ರೂಢಿ ಇರುವಲ್ಲಿ, ಹಾಳೆ ಎಣಿಸಿ 34 ಮತ್ತು 34ಎ ಸೇರಿ ಎರಡು ಪುಟವೆಂದು ಬರೆದುಕೊಳ್ಳಬಾರದು. ಖಾಲಿ ಜಾಗವನ್ನು ಬಿಟ್ಟು ಅಕ್ಷರ ಇರುವಷ್ಟನ್ನೇ ಅಳೆಯಬೇಕು.

ಹತ್ತಾರು ಎ, ಬಿ ಪುಟಗಳು ಸೇರಿ ಫೈಲು ಓದಲಾಗದಂತೆ ಆದಾಗ ಪೂರ್ತಿ ಕಥೆಯನ್ನು ಆಯಾ ಸರದಿಯ ಬಣ್ಣದಲ್ಲಿ ಹೊಸದಾಗಿ ಮುದ್ರಿಸಿ ಕೊಡಬಹುದು. ಆಗ ಪುಟಬೀಗ ತೆಗೆದು, ಒಂದರಿಂದ ಸಂಖ್ಯೆ ಹಾಕಿ, ಮತ್ತೆ ಬೀಗ ಹಾಕಿದರೆ ತಪ್ಪಿಲ್ಲ. ಆದರೆ 45ಎ ದೃಶ್ಯವನ್ನು 46 ಮಾಡಲು ಹೋಗಬೇಡಿ: ಕ್ಲ್ಯಾಪ್ ಹಲಗೆಯ ಮೇಲೆ 45ಎ ಎಂದು ಬರೆದು ತೆಗೆದ ಶಾಟುಗಳು ಆಗಲೇ ಸಂಕಲನಕಾರರ ಬಳಿ ಅದೇ ಹೆಸರಿನಲ್ಲಿ ಇವೆ.