ಬಜೆಟ್ ಅಷ್ಟೇ, ಲೀಡ್‌ನ ಬೆಲೆ ಏಕೆ ಏರಿತು: ಗ್ರಾಹಕರಿಗೆ ಬರೆದ ಒಂದು ಪತ್ರದ ಅನುಭವ

ಮೈಸೂರಿನ ಹೊರವಲಯದಲ್ಲಿ ನಿವೇಶನಗಳ ಬಡಾವಣೆ ಮಾಡುವ ಗ್ರಾಹಕರೊಬ್ಬರಿಗೆ ನಾನು ಮೂರು ವರ್ಷಗಳಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಜಾಹೀರಾತು ನಡೆಸುತ್ತಿದ್ದೇನೆ. ಕಳೆದ ಅಕ್ಟೋಬರ್–ಡಿಸೆಂಬರ್ ಅವಧಿ ಮುಗಿಯುವ ಹೊತ್ತಿಗೆ ಯಜಮಾನರು ಫೋನ್ ಮಾಡಿ, "ಏನ್ರೀ, ತಿಂಗಳಿಗೆ ಎರಡು ಲಕ್ಷ ಆಗಲೂ ಕೊಟ್ವಿ, ಈಗಲೂ ಕೊಡ್ತಿದ್ದೀವಿ, ಲೀಡು ಯಾಕ್ರೀ ಇಷ್ಟು ಕಮ್ಮಿ ಆಯ್ತು?" ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಹಿಂದಿನ ಮೂರು ತಿಂಗಳಲ್ಲಿ ಆರು ಲಕ್ಷಕ್ಕೆ ಸುಮಾರು 2,400 ಲೀಡ್‌ಗಳು ಬಂದಿದ್ದರೆ, ಈ ಬಾರಿ ಅಷ್ಟೇ ಹಣಕ್ಕೆ 1,425ರ ಆಸುಪಾಸು ಬಂದಿದ್ದವು. ಅಂದರೆ ಒಂದು ಲೀಡ್‌ನ ಬೆಲೆ 250 ರೂಪಾಯಿಯಿಂದ 420ಕ್ಕೆ ಏರಿತ್ತು.

ಇಂಥದೇ ಪರಿಸ್ಥಿತಿಯಲ್ಲಿ ಎರಡು ವರ್ಷಗಳ ಹಿಂದೆ ನಾನು ಇನ್ನೊಬ್ಬ ಗ್ರಾಹಕರಿಗೆ ಬರೆದ ಪತ್ರ ಸಂಪೂರ್ಣವಾಗಿ ಸೋತಿತ್ತು. ಹಬ್ಬದ ಕಾಲದಲ್ಲಿ ಸ್ಪರ್ಧೆ ಹೆಚ್ಚಾಗಿದೆ ಎಂದು ಒಂದು ಸಾಲು ಬರೆದು, ಹದಿನಾಲ್ಕು ಸ್ಕ್ರೀನ್‌ಶಾಟ್‌ಗಳನ್ನು ಲಗತ್ತಿಸಿ ಕಳುಹಿಸಿದ್ದೆ. ಅವರು ಅದನ್ನು ನೆಪವೆಂದೇ ಓದಿದರು. ತಿಂಗಳಿಗೆ ನಲವತ್ತು ಸಾವಿರದ ಕೆಲಸ ಕೈತಪ್ಪಿತು, ಎರಡು ತಿಂಗಳ ಬಾಕಿಯೂ ಬರಲಿಲ್ಲ. ಆದ್ದರಿಂದ ಈ ಸಲ ಏರಿಕೆಯ 170 ರೂಪಾಯಿಯಲ್ಲಿ ಎಷ್ಟು ಮಾರುಕಟ್ಟೆಯದು, ಎಷ್ಟು ನಮ್ಮ ತಪ್ಪಿನದು, ಎಷ್ಟು ನಾವು ತಿಳಿದೇ ಮಾಡಿದ್ದು ಎಂದು ಬಿಡಿಸಿ ಬರೆಯಲು ನಿರ್ಧರಿಸಿದೆ. ತಪ್ಪನ್ನು ಕೈಯಾರೆ ಬರೆದುಕೊಟ್ಟರೆ ಅದೇ ಕಾರಣಕ್ಕೆ ಶುಲ್ಕ ಕತ್ತರಿಸುತ್ತಾರೆ ಎಂದು ಇದೇ ವೃತ್ತಿಯ ಇಬ್ಬರು ಗೆಳೆಯರು ಎಚ್ಚರಿಸಿದರು. ನಾನು ಕೇಳಲಿಲ್ಲ.

ಲೆಕ್ಕದ ಆಧಾರ ನಮಗೆಲ್ಲ ಗೊತ್ತಿರುವ ಸೂತ್ರವೇ:

```
CPL = CPM / (1000 × CTR × CVR)
```

ಜುಲೈ–ಸೆಪ್ಟೆಂಬರ್‌ನಲ್ಲಿ ಸಾವಿರ ಬಾರಿ ಜಾಹೀರಾತು ತೋರಿಸಲು ನೂರು ರೂಪಾಯಿ ತಗಲುತ್ತಿತ್ತು, ನೋಡಿದ ನೂರರಲ್ಲಿ ಒಂದು ಸಲ ಕ್ಲಿಕ್ ಆಗುತ್ತಿತ್ತು, ಕ್ಲಿಕ್ ಮಾಡಿದ ನೂರರಲ್ಲಿ ನಾಲ್ವರು ಫಾರ್ಮ್ ತುಂಬುತ್ತಿದ್ದರು. ಈ ಬಾರಿ ಆ ಮೂರೂ ಅಂಕಿಗಳು ಸುಮಾರಾಗಿ 125 ರೂಪಾಯಿ, ಶೇಕಡಾ 0.9 ಮತ್ತು ಶೇಕಡಾ 3.3 ಆಗಿದ್ದವು. ಒಂದೊಂದನ್ನೇ ಬದಲಿಸುತ್ತ ಹೋದರೆ ಬೆಲೆ 250ರಿಂದ 312ಕ್ಕೆ, ಅಲ್ಲಿಂದ 347ಕ್ಕೆ, ಕೊನೆಗೆ 420ಕ್ಕೆ ತಲುಪುತ್ತದೆ. ಬದಲಿಸುವ ಕ್ರಮವನ್ನು ಹಿಂದುಮುಂದು ಮಾಡಿದರೆ ಪಾಲುಗಳು ಕೆಲವು ರೂಪಾಯಿ ಆಚೀಚೆಯಾಗುತ್ತವೆ. ಆದ್ದರಿಂದ ಜಾಹೀರಾತು ಜನರನ್ನು ಮುಟ್ಟುವ ಕ್ರಮವನ್ನೇ ಹಿಡಿದಿದ್ದೇನೆ ಎಂದು ಪತ್ರದಲ್ಲಿ ಸ್ಪಷ್ಟವಾಗಿ ತಿಳಿಸಿದೆ.

ಮೊದಲ 62 ರೂಪಾಯಿ ಹರಾಜಿನದು. ನವರಾತ್ರಿಯಿಂದ ದೀಪಾವಳಿಯವರೆಗೆ ದೊಡ್ಡ ಆನ್‌ಲೈನ್ ಅಂಗಡಿಗಳು, ಚಿನ್ನದವರು, ವಾಹನದವರು ಎಲ್ಲರೂ ಅದೇ ಕಣ್ಣುಗಳಿಗಾಗಿ ಬಿಡ್ ಮಾಡುತ್ತಾರೆ. ಹೀಗೆ ಹೇಳಿದರೆ ಸಾಲದು, ತೋರಿಸಬೇಕು ಎಂಬುದು ಹಳೆಯ ಸೋಲಿನಿಂದ ಕಲಿತದ್ದು. ನವೆಂಬರ್‌ನಲ್ಲಿ ಹೊಸದಾಗಿ ಬಿಟ್ಟ ಚಿತ್ರಗಳಿಗೂ ಹಳೆಯ ವಿಡಿಯೋದಷ್ಟೇ ದುಬಾರಿ ಸಿಪಿಎಂ ಬಿದ್ದಿತ್ತು, ಹಿಂದಿನ ವರ್ಷವೂ ಇದೇ ಖಾತೆಯಲ್ಲಿ ಇದೇ ತಿಂಗಳುಗಳಲ್ಲಿ ಹೆಚ್ಚುಕಡಿಮೆ ಇಷ್ಟೇ ಏರಿಕೆ ಇತ್ತು. ಈ ಎರಡು ಸಾಕ್ಷ್ಯಗಳನ್ನು ಪಕ್ಕಪಕ್ಕದಲ್ಲಿಟ್ಟೆ. ದುಬಾರಿ ದಿನಗಳನ್ನು ತಪ್ಪಿಸಿಕೊಳ್ಳಲು ದೀಪಾವಳಿಯ ಸುತ್ತ ಎಂಟು ದಿನ ಜಾಹೀರಾತು ನಿಲ್ಲಿಸಿಯೂ ನೋಡಿದ್ದೆವು. ಮತ್ತೆ ಶುರುಮಾಡಿದಾಗ ಆ್ಯಡ್ ಸೆಟ್‌ಗಳೆಲ್ಲ ಲರ್ನಿಂಗ್‌ಗೆ ಮರಳಿ, ವಾರವಿಡೀ ಬೆಲೆ ಮೇಲೆಯೇ ಇದ್ದುದರಿಂದ ಉಳಿಸಿದ್ದೆಲ್ಲ ಅಲ್ಲಿಗೇ ಸರಿಹೋಯಿತು. ಅದನ್ನೂ ಬರೆದೆ.

ನಡುವಿನ 35 ರೂಪಾಯಿ ನೇರವಾಗಿ ನಮ್ಮ ತಪ್ಪು. ಬಡಾವಣೆಯ ಮುಖ್ಯದ್ವಾರದಿಂದ ಉದ್ಯಾನದವರೆಗೆ ಡ್ರೋನ್ ಹಾರುವ ಒಂದೇ ವಿಡಿಯೋವನ್ನು ಹನ್ನೊಂದು ವಾರ ಓಡಿಸಿದ್ದೆವು. ಕೊನೆಕೊನೆಗೆ ಒಬ್ಬೊಬ್ಬರು ಅದನ್ನು ತಿಂಗಳಿಗೆ ಸರಾಸರಿ ನಾಲ್ಕಕ್ಕಿಂತ ಹೆಚ್ಚು ಬಾರಿ ನೋಡುತ್ತಿದ್ದರು. ಹೊಸ ಚಿತ್ರಗಳ ಕ್ಲಿಕ್ ದರ ಹಿಂದಿನಂತೆಯೇ ಇದ್ದು, ಆ ವಿಡಿಯೋದ್ದು ಮಾತ್ರ ಕುಸಿದಿತ್ತು. ಆದ್ದರಿಂದ ಇದನ್ನು ಮಾರುಕಟ್ಟೆಯ ತಲೆಗೆ ಕಟ್ಟುವಂತೆಯೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಲು, 73 ರೂಪಾಯಿ, ನಾವೇ ಬೇಕೆಂದು ತಂದುಕೊಂಡದ್ದು. ಹಳೆಯ ಫಾರ್ಮ್‌ನಲ್ಲಿ ಹೆಸರು, ಫೋನ್ ಸಂಖ್ಯೆ ತಾವಾಗಿಯೇ ತುಂಬಿಕೊಳ್ಳುತ್ತಿದ್ದವು. ಜನರು ಎಂದೋ ಖಾತೆ ತೆರೆದಾಗ ಕೊಟ್ಟ, ಈಗ ಬಳಕೆಯಲ್ಲೇ ಇಲ್ಲದ ಸಂಖ್ಯೆಗಳು ಬರುತ್ತಿದ್ದವು. ಗ್ರಾಹಕರ ಕಚೇರಿಯಲ್ಲಿ ಕರೆ ಮಾಡುವ ಹುಡುಗಿಯ ಪಕ್ಕ ಒಂದು ಬೆಳಗ್ಗೆ ಕುಳಿತಿದ್ದಾಗ, ಮೊದಲ ಇಪ್ಪತ್ತು ಕರೆಗಳಲ್ಲಿ ಒಂಬತ್ತಕ್ಕೆ ಆಕೆ "ತಪ್ಪು ನಂಬರ್" ಎಂದೋ "ನಾನು ಫಾರ್ಮೇ ತುಂಬಿಲ್ಲ ಅಂತಾರೆ" ಎಂದೋ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದನ್ನು ಕಣ್ಣಾರೆ ಕಂಡೆ. ಅದಕ್ಕೇ ಅಕ್ಟೋಬರ್‌ನಲ್ಲಿ ಒಟಿಪಿ ಪರಿಶೀಲನೆ ಸೇರಿಸಿ, ಎರಡು ಪ್ರಶ್ನೆಗಳನ್ನೂ ಹಾಕಿದೆವು. ಒಂದು, ಸ್ಥಳ ನೋಡಲು ಯಾವ ವಾರ ಬರುತ್ತೀರಿ ಎಂಬುದು. ಎರಡನೆಯದು ನನ್ನ ಹೊಟ್ಟೆಪಾಡಿನದು, ಅದನ್ನು ಇಲ್ಲಿ ಬಿಟ್ಟುಕೊಡುವುದಿಲ್ಲ.

ಇದರ ಫಲ ಸ್ಥಳ ಭೇಟಿಯಲ್ಲಿ ಕಂಡಿತು. ಹಿಂದಿನ 2,400 ಲೀಡ್‌ಗಳಿಂದ ಎಪ್ಪತ್ತೆರಡು ಮಂದಿ ನಿವೇಶನ ನೋಡಲು ಬಂದಿದ್ದರೆ, ಈಗಿನ 1,425ರಿಂದ ಸುಮಾರು ನೂರು ಮಂದಿ ಬಂದರು. ಒಂದು ಭೇಟಿಯ ಖರ್ಚು ಎಂಟು ಸಾವಿರದ ಮುನ್ನೂರರಿಂದ ಆರು ಸಾವಿರಕ್ಕೆ ಇಳಿಯಿತು. ಆದರೆ ಇದೆಲ್ಲವನ್ನೂ ಫಾರ್ಮ್‌ನ ಕೀರ್ತಿಯೆಂದು ಬರೆದುಕೊಂಡಿದ್ದರೆ ಅದು ಸುಳ್ಳಾಗುತ್ತಿತ್ತು. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮ್ಮ ಕಡೆ ಯಾರೂ ನಿವೇಶನದ ಮಾತು ಮುಂದುವರಿಸುವುದಿಲ್ಲ. ಉಳಿದ ಬಡಾವಣೆಯವರೂ ಆಗ ಜಾಹೀರಾತು ತಗ್ಗಿಸುವುದರಿಂದ ಲೀಡ್ ಅಗ್ಗವಾಗಿ ಸಿಗುತ್ತದೆ, ಜನ ಮಾತ್ರ ಬರುವುದಿಲ್ಲ. ಅಂದರೆ ಹೋಲಿಕೆಗೆ ಹಿಡಿದಿದ್ದ 250 ರೂಪಾಯಿಯೇ ಅಗ್ಗದ ಕಾಲದ ಬೆಲೆಯಾಗಿತ್ತು.

ಋತುವನ್ನು ಫಾರ್ಮ್‌ನಿಂದ ಬೇರ್ಪಡಿಸಲು ಡಿಸೆಂಬರ್ ಮೊದಲ ಎರಡು ವಾರ ಹಳೆಯ ಮತ್ತು ಹೊಸ ಫಾರ್ಮ್‌ಗಳನ್ನು ತಲಾ ನಲವತ್ತು ಸಾವಿರ ಹಾಕಿ ಜೊತೆಯಲ್ಲೇ ಓಡಿಸಿದ್ದೆ. ಹಳೆಯದರಲ್ಲಿ ಲೀಡ್ ಮುನ್ನೂರು ರೂಪಾಯಿಗೆ ಸಿಕ್ಕು ಐದು ಭೇಟಿಗಳಾದವು. ಹೊಸದರಲ್ಲಿ ನಾನೂರ ಮೂವತ್ತಕ್ಕೆ ಸಿಕ್ಕು ಏಳಾದವು. ಐದಕ್ಕೂ ಏಳಕ್ಕೂ ಇರುವ ಅಂತರ ತೀರಾ ಚಿಕ್ಕದು. ಪತ್ರದ ಆ ಭಾಗ ಹೀಗಿತ್ತು:

"ಮಾನ್ಯರೇ, ಏರಿದ 170 ರೂಪಾಯಿಯಲ್ಲಿ 35 ರೂಪಾಯಿಯ ಹೊಣೆ ನಮ್ಮದು, ಜನವರಿಯಿಂದ ಯಾವ ವಿಡಿಯೋವನ್ನೂ ನಾಲ್ಕು ವಾರ ಮೀರಿ ಓಡಿಸುವುದಿಲ್ಲ. 73 ರೂಪಾಯಿ ತಮ್ಮ ಸಿಬ್ಬಂದಿಯ ಸಮಯ ಉಳಿಸಲು ನಾವು ತಿಳಿದೇ ಕೊಟ್ಟ ಬೆಲೆ. ಅದು ಸಾರ್ಥಕವೇ ಎಂದು ತೀರ್ಮಾನಿಸಲು ಹನ್ನೆರಡು ಭೇಟಿಗಳು ಸಾಲವು; ಲೀಡ್ ಬಂದು ಎರಡು ಮೂರು ವಾರಗಳ ನಂತರವೇ ಜನ ಸ್ಥಳಕ್ಕೆ ಬರುವುದರಿಂದ, ಈ ಪ್ರಯೋಗವನ್ನು ಜನವರಿ ಕೊನೆಯವರೆಗೆ ಮುಂದುವರಿಸಲು ತಮ್ಮ ಒಪ್ಪಿಗೆ ಕೋರುತ್ತೇವೆ."

ಪತ್ರ ಒಂದೂವರೆ ಪುಟದ್ದು, ಸ್ಕ್ರೀನ್‌ಶಾಟ್ ಒಂದೂ ಇರಲಿಲ್ಲ. ಮರುದಿನ ಯಜಮಾನರ ತಮ್ಮ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತನಾಡಿದರು. ಅದರಲ್ಲಿ ಅರ್ಧ ಗಂಟೆ ಭೇಟಿಗೆ ಬಂದವರ ಬಗ್ಗೆಯೇ ಹೋಯಿತು, ಶುಲ್ಕದ ಮಾತು ಬರಲೇ ಇಲ್ಲ. ಜನವರಿ ಕೊನೆಗೆ ಭೇಟಿಗಳು ಹಳೆಯ ಫಾರ್ಮ್‌ನಿಂದ ಹದಿನಾಲ್ಕು, ಹೊಸದರಿಂದ ಇಪ್ಪತ್ತಮೂರು ಆಗಿದ್ದವು, ಅದೂ ಧನುರ್ಮಾಸ ನಡುವೆ ಬಂದಿದ್ದಾಗ. ಹಳೆಯ ಫಾರ್ಮ್ ನಿಲ್ಲಿಸಿದೆವು. ಒಪ್ಪಂದವನ್ನು ಅವರು ಇನ್ನೊಂದು ವರ್ಷಕ್ಕೆ ಮುಂದುವರಿಸಿದ್ದಾರೆ, ತಿಂಗಳ ವರದಿಯ ಮೊದಲ ಕಾಲಂನಲ್ಲಿ ಈಗ ಲೀಡ್‌ನ ಬದಲು ಭೇಟಿಯ ಬೆಲೆ ಬರೆಯಿಸಿಕೊಳ್ಳುತ್ತಾರೆ.